ಸ್ಥಾನಿಕ ವೇಳೆ: ರಾಜಾಜಿನಗರದ ಲೆಕ್ಕ

ಬೆಂಗಳೂರಿನ ರಾಜಾಜಿನಗರ ಸುಮಾರು 12°59' ಉತ್ತರ ಅಕ್ಷಾಂಶ, 77°33' ಪೂರ್ವ ರೇಖಾಂಶದಲ್ಲಿದೆ. ಗಡಿಯಾರ ತೋರಿಸುವ ಭಾರತದ ಆದರ್ಶ ವೇಳೆ ಮಾತ್ರ 82°30' ಪೂರ್ವ ರೇಖಾಂಶದ್ದು. ಆ ರೇಖೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ಇಲ್ಲಿನ ಸ್ಥಾನಿಕ ವೇಳೆ ಬೇರೆಯಾಗಲು ಇದೇ ಕಾರಣ. ವೇಳೆಯ ಲೆಕ್ಕಕ್ಕೆ ಬೇಕಾದದ್ದು ರೇಖಾಂಶ ಮಾತ್ರ, ಅಕ್ಷಾಂಶ ಬೇಕಿಲ್ಲ.

ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುವುದರಿಂದ ಒಂದು ಡಿಗ್ರಿಗೆ 4 ನಿಮಿಷ ಹಿಡಿಯುತ್ತದೆ. 82°30' ರಲ್ಲಿ 77°33' ಕಳೆದರೆ 4°57'. ನಾಲ್ಕು ಡಿಗ್ರಿಗೆ 16 ನಿಮಿಷ. ಉಳಿದ 57' ಕ್ಕೆ 228 ಸೆಕೆಂಡು, ಅಂದರೆ 3 ನಿಮಿಷ 48 ಸೆಕೆಂಡು. ಒಟ್ಟು 19 ನಿಮಿಷ 48 ಸೆಕೆಂಡು. ರಾಜಾಜಿನಗರ ಪಶ್ಚಿಮಕ್ಕಿರುವುದರಿಂದ ಇದನ್ನು ಕಳೆಯಬೇಕು: ಗಡಿಯಾರದಲ್ಲಿ ಮಧ್ಯಾಹ್ನ 12 ಆದಾಗ ಸ್ಥಾನಿಕ ವೇಳೆ 11:40:12.

ಅಭ್ಯಾಸ ಹಾಳೆಯಲ್ಲಿ ಮಕ್ಕಳು ಎಡವುವುದು ಹೆಚ್ಚಾಗಿ 82.5 ಡಿಗ್ರಿಯನ್ನು 82°50' ಎಂದು ಬರೆಯುವಲ್ಲಿ. ಅರ್ಧ ಡಿಗ್ರಿ ಎಂದರೆ 30'. ಈ ಒಂದು ತಪ್ಪಿಗೆ ವೇಳೆಯ ವ್ಯತ್ಯಾಸ 80 ಸೆಕೆಂಡು ಜಾಸ್ತಿಯಾಗುತ್ತದೆ. ಕಳೆಯುವ ಬದಲು ಕೂಡಿಸಿದರಂತೂ 12:20 ಬಂದು, ಉತ್ತರ ಸುಮಾರು 40 ನಿಮಿಷ ದಾರಿ ತಪ್ಪುತ್ತದೆ.

ತಾರಸಿಯಲ್ಲಿ ನೆಟ್ಟಗೆ ಕೋಲು ನಿಲ್ಲಿಸಿ ಇದನ್ನು ಪರೀಕ್ಷಿಸಬಹುದು. ನೆರಳು ಅತಿ ಗಿಡ್ಡವಾಗುವುದು ವರ್ಷದ ಸರಾಸರಿಯಲ್ಲಿ ಗಡಿಯಾರದ 12:20ಕ್ಕೆ. ಆದರೆ ಭೂಮಿಯ ಕಕ್ಷೆ ದೀರ್ಘವೃತ್ತ, ಅಕ್ಷವೂ ಓರೆ; ಹಾಗಾಗಿ ನವೆಂಬರ್ ಆರಂಭದಲ್ಲಿ ಅದು 12:03ರ ಸುಮಾರಿಗೂ ಫೆಬ್ರವರಿ ನಡುವೆ 12:34ರ ಸುಮಾರಿಗೂ ಬೀಳುತ್ತದೆ. ಹಾಳೆಯ ಲೆಕ್ಕ ಈ ಏರಿಳಿತವನ್ನು ಗಣಿಸುವುದಿಲ್ಲ.