ಬಿಲ್ ಚಿತ್ರದ ಪೂರ್ವಸಂಸ್ಕರಣೆ

ಬಿಲ್ ಚಿತ್ರದ ಪೂರ್ವಸಂಸ್ಕರಣೆ ಎಂದರೆ ಫೋನಿನಲ್ಲಿ ತೆಗೆದ ಬಿಲ್ಲಿನ ಫೋಟೊವನ್ನು ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಡುವ ಮುನ್ನ ಅದರ ನೋಟಕೋನ, ಓರೆ ಮತ್ತು ನೆರಳನ್ನು ಸರಿಪಡಿಸುವ ವಿಧಾನ. ಟೆಸರಾಕ್ಟ್‌ನಂಥ ತಂತ್ರಾಂಶಗಳು ಮೂಲತಃ ಸ್ಕ್ಯಾನರ್‌ನಿಂದ ಬಂದ ಸಮತಟ್ಟಾದ ಪುಟಗಳಿಗಾಗಿ ರೂಪುಗೊಂಡಿದ್ದರಿಂದ ಇದು ಅಗತ್ಯವಾಯಿತು.

ಮೊದಲು ಬಿಲ್ಲಿನ ನಾಲ್ಕು ಮೂಲೆಗಳನ್ನು ಪತ್ತೆಹಚ್ಚಿ, ಹೋಮೋಗ್ರಫಿ ಎಂಬ ಗಣಿತ ರೂಪಾಂತರದಿಂದ ಅದನ್ನು ಆಯತಕ್ಕೆ ತರಲಾಗುತ್ತದೆ.

ಆಮೇಲೆ ಉಳಿದ ಓರೆ. 600 ಪಿಕ್ಸೆಲ್ ಅಗಲದ ಬಿಲ್ಲು 3 ಡಿಗ್ರಿ ವಾಲಿದರೂ ಸಾಲಿನ ಬಲತುದಿ ಸುಮಾರು 31 ಪಿಕ್ಸೆಲ್ ಸರಿಯುತ್ತದೆ. ಆಗ ಸಕ್ಕರೆಯ ಬೆಲೆ ಪಕ್ಕದ ಸಾಲಿನ ಬೇಳೆಗೆ ಅಂಟಿಕೊಳ್ಳಬಹುದು. ಚಿತ್ರವನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ, ಅಡ್ಡಸಾಲುಗಳಲ್ಲಿನ ಕಪ್ಪು ಪಿಕ್ಸೆಲ್‌ಗಳನ್ನು ಎಣಿಸಿದಾಗ, ಅಕ್ಷರದ ಸಾಲೂ ಖಾಲಿ ಜಾಗವೂ ಅತಿ ಸ್ಪಷ್ಟವಾಗಿ ಬೇರ್ಪಡುವ ಕೋನವೇ ಸರಿಯಾದದ್ದು.

ನೆರಳು ಇನ್ನೊಂದು ಬಗೆಯ ತೊಡಕು. ಬೆಳಕಿನಲ್ಲಿ ಕಾಗದದ ಹೊಳಪು 240, ಅಕ್ಷರದ್ದು 120 ಇದ್ದು, ನೆರಳಿನಲ್ಲಿ ಅವು 120 ಮತ್ತು 60ಕ್ಕೆ ಇಳಿದರೆ, ನೆರಳಿನ ಕಾಗದವೂ ಬೆಳಕಿನ ಅಕ್ಷರವೂ ಒಂದೇ ಆಗುತ್ತವೆ. ಒಂದೇ ಮಿತಿಯಿಂದ ಕಪ್ಪು-ಬಿಳುಪು ಮಾಡಿದರೆ ಒಂದು ಭಾಗ ಕೆಡುತ್ತದೆ. ಸುತ್ತಲಿನ ಕಾಗದದ ಹೊಳಪನ್ನು ಅಂದಾಜಿಸಿ ಅದರಿಂದ ಭಾಗಿಸಿದಾಗ ಎರಡೂ ಕಡೆ ಕಾಗದ 1, ಅಕ್ಷರ 0.5 ಆಗುತ್ತದೆ.

ಸುರುಳಿಯಾದ ಬಿಲ್ಲನ್ನು ನಾಲ್ಕು ಮೂಲೆಗಳ ವಿಧಾನ ನೇರಗೊಳಿಸದು. ಥರ್ಮಲ್ ಕಾಗದದಲ್ಲಿ ಪೂರ್ತಿ ಮಾಸಿದ ಅಕ್ಷರವನ್ನು ಯಾವ ಹಂತವೂ ಮರಳಿ ತರದು.