ಚೆಸ್‌: ಗೆಲ್ಲಲು ಆನೆಯನ್ನೇ ಬಿಟ್ಟುಕೊಡುವುದೇಕೆ?

ಆನೆಯನ್ನು ಸುಮ್ಮನೆ ಬಿಟ್ಟುಕೊಟ್ಟು ಮೂರೇ ನಡೆಯಲ್ಲಿ ಗೆಲ್ಲುವ ಚೆಸ್ ಒಗಟುಗಳನ್ನು ನೋಡಿದಾಗ, ಇದು ಅದೃಷ್ಟದ ಆಟ ಅನಿಸಬಹುದು. ಆದರೆ ಇಲ್ಲಿ ಅದೃಷ್ಟದ ಪಾತ್ರವಿಲ್ಲ. ನಮ್ಮದೇ ಕಾಯಿ ನಿಂತ ಮನೆ ನಮ್ಮ ರಾಣಿಗೆ ಬೇಕಾಗಿದ್ದರೆ, ಆ ಕಾಯಿಯನ್ನು ಬಲಿಕೊಟ್ಟು ಮನೆ ಖಾಲಿ ಮಾಡುವ ತಂತ್ರವಿದು.

ಇದರ ಹಳೆಯ ಮಾದರಿಗೆ ‘ಡಾಮಿಯಾನೋ ಮೇಟ್’ ಎಂಬ ಹೆಸರಿದೆ. 1512ರಲ್ಲಿ ರೋಮ್‌ನಲ್ಲಿ ಚೆಸ್ ಪುಸ್ತಕ ಪ್ರಕಟಿಸಿದ ಪೋರ್ಚುಗಲ್‌ನ ಔಷಧ ವ್ಯಾಪಾರಿ ಪೆದ್ರೋ ಡಾಮಿಯಾನೋ ಅವರಿಂದ ಬಂದ ಹೆಸರದು.

ಮಣೆಯ ಮೇಲೆ ಹೀಗೆ ಜೋಡಿಸಿ ನೋಡಿ.

ಬಿಳಿ: ರಾಜ b1, ರಾಣಿ d1, ಆನೆ h1, ಪದಾತಿಗಳು b2 ಮತ್ತು g6.
ಕಪ್ಪು: ರಾಜ g8, ಆನೆ f8, ರಾಣಿ b6, ಪದಾತಿಗಳು g7 ಮತ್ತು c3.

ಈಗ ಬಿಳಿಯ ಸರದಿ. ಬಿಳಿ ರಾಣಿ h7ಗೆ ತಲುಪಿದರೆ ಆಟ ಮುಗಿಯುತ್ತದೆ. ರಾಣಿಯನ್ನು h5ಗೆ ತಂದರೆ ಸಾಲದೇ? ಸಾಲದು, ಏಕೆಂದರೆ ಅದು ಚೆಕ್ ಅಲ್ಲ. ಸಿಕ್ಕ ಒಂದೇ ನಡೆಯಲ್ಲಿ ಕಪ್ಪು ರಾಣಿ b2 ಪದಾತಿಯನ್ನು ಹೊಡೆದು ಬಿಳಿಗೇ ಚೆಕ್‌ಮೇಟ್ ಮಾಡುತ್ತದೆ. ಹಾಗಾಗಿ ಬಿಳಿಯ ಪ್ರತಿ ನಡೆಯೂ ಚೆಕ್ ಆಗಿರಬೇಕು. ರಾಣಿ h1ನಿಂದ ಚೆಕ್ ಕೊಡಬೇಕಾದರೆ ಕಪ್ಪು ರಾಜ h8ರಲ್ಲಿರಬೇಕು, ಆದರೆ ಅವನು g8ರಲ್ಲಿದ್ದಾನೆ, ಜೊತೆಗೆ h1ರಲ್ಲಿ ನಮ್ಮದೇ ಆನೆ ನಿಂತಿದೆ.

ಉತ್ತರ ಇದು:

```
1. Rh8+ Kxh8
2. Qh1+ Kg8
3. Qh7#
```

ಮೊದಲು ಆನೆ h8ಗೆ ಹೋಗಿ ಚೆಕ್ ಕೊಡುತ್ತದೆ. ಅದನ್ನು ಹೊಡೆಯದೆ ಕಪ್ಪು ರಾಜನಿಗೆ ಬೇರೆ ದಾರಿಯಿಲ್ಲ. h1 ಖಾಲಿಯಾಯಿತು, ಕಪ್ಪಿಗೆ b2 ಹೊಡೆಯಲು ಬಿಡುವೂ ಸಿಗಲಿಲ್ಲ. ಈಗ ರಾಣಿ h1ಗೆ ಬಂದು ಮತ್ತೆ ಚೆಕ್ ಕೊಡುತ್ತದೆ. ರಾಜ g8ಗೆ ಹಿಂದಿರುಗಲೇಬೇಕು. ಕೊನೆಗೆ ರಾಣಿ h7ಗೆ ಹೋದರೆ ಚೆಕ್‌ಮೇಟ್. ಬಿಳಿಯ g6 ಪದಾತಿ ಆ ರಾಣಿಯನ್ನು ಕಾಯುತ್ತದೆ, ರಾಜ f7ಗೆ ಜಾರದಂತೆಯೂ ತಡೆಯುತ್ತದೆ. ಇನ್ನು f8ರಲ್ಲಿ ಕಪ್ಪಿನದೇ ಆನೆ ಅಡ್ಡ ನಿಂತಿದೆ.

ಆನೆ ಸಿಕ್ಕಾಗಲೆಲ್ಲ ಹೀಗೆ ಬಲಿಕೊಡಬಹುದೇ? ಇಲ್ಲ. ಇದೇ ಆಟದಲ್ಲಿ f8 ಖಾಲಿಯಿದ್ದರೆ ರಾಜ ಅಲ್ಲಿಂದ ತಪ್ಪಿಸಿಕೊಳ್ಳುತ್ತಾನೆ. ಕಪ್ಪು ಕುದುರೆ f6ರಲ್ಲಿದ್ದರೆ h7ಕ್ಕೆ ಬಂದ ರಾಣಿಯನ್ನೇ ಹೊಡೆಯುತ್ತದೆ. ಈ ಎರಡರಲ್ಲಿ ಯಾವುದಾದರೂ ಒಂದಿದ್ದರೂ ಕೊಟ್ಟ ಆನೆ ವ್ಯರ್ಥ.

ಆದ್ದರಿಂದ ಆನೆಯನ್ನು ಮುಟ್ಟುವ ಮೊದಲು ಕೊನೆಯ ನಡೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ರಾಣಿ h7ರಲ್ಲಿ ನಿಂತಾಗ ಅದಕ್ಕೆ ಕಾವಲಿದೆಯೇ, ರಾಜನಿಗೆ ಒಂದಾದರೂ ಮನೆ ಉಳಿದಿದೆಯೇ, ರಾಣಿಯ ದಾರಿ ತೆರೆದಿದೆಯೇ ಎಂದು ನೋಡಿ. ಎಲ್ಲವೂ ಸರಿಯಿದ್ದರೆ ಮಾತ್ರ ಆನೆಯನ್ನು ಬಿಟ್ಟುಕೊಡಿ.