ಡಾಲರ್ ಶುಲ್ಕಕ್ಕೆ ರೂಪಾಯಿಯ ಉಳಿತಾಯ: ವಿನಿಮಯ ದರದ ಇಳಿಜಾರು ಮತ್ತು ಮಾಸಿಕ ಕಂತಿನ ಅಂದಾಜು

ಮಗಳು ಈಗ ಐದನೇ ತರಗತಿ. ಇಲ್ಲಿಯೇ ಎಂಜಿನಿಯರಿಂಗ್ ಮುಗಿಸಿ ಹನ್ನೆರಡು ವರ್ಷದ ನಂತರ ಅಮೆರಿಕದಲ್ಲಿ ಎರಡು ವರ್ಷದ ಎಂ.ಎಸ್. ಓದಬೇಕೆಂಬುದು ಹುಬ್ಬಳ್ಳಿಯ ಒಂದು ಕುಟುಂಬದ ಬಯಕೆ ಎಂದು ಭಾವಿಸೋಣ. ಇಂದಿನ ಖರ್ಚು ವರ್ಷಕ್ಕೆ 40,000 ಡಾಲರ್ ಮತ್ತು ಡಾಲರ್ ಬೆಲೆ ₹90 ಎಂದಿಟ್ಟುಕೊಂಡರೆ ವರ್ಷಕ್ಕೆ ₹36 ಲಕ್ಷ ಬೇಕು. ತಿಂಗಳಿಗೆ ಎಷ್ಟು ಕೂಡಿಡಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ ಸಂಖ್ಯೆ. ಆ ಸಂಖ್ಯೆಯೊಳಗೆ ಎರಡು ಬಗೆಯ ಅಪಾಯಗಳಿವೆ. ವರ್ಷವರ್ಷವೂ ನಿಧಾನವಾಗಿ ನಡೆಯುವ ರೂಪಾಯಿಯ ಇಳಿಕೆ ಒಂದು, ಶುಲ್ಕ ಕಟ್ಟುವ ಹೊತ್ತಿನಲ್ಲಿ ಆಗಬಹುದಾದ ದಿಢೀರ್ ಕುಸಿತ ಇನ್ನೊಂದು. ಮೊದಲನೆಯದನ್ನು ಮಾಸಿಕ ಉಳಿತಾಯ ತಾಳಿಕೊಳ್ಳಬಲ್ಲದು, ಎರಡನೆಯದನ್ನು ತಾಳಿಕೊಳ್ಳಲಾರದು ಎಂಬುದು ಈ ಲೇಖನದ ವಾದ.

ಲೆಕ್ಕದ ಬುನಾದಿ ವಿಶ್ವವಿದ್ಯಾಲಯ ಕೊಡುವ ಖರ್ಚಿನ ಅಂದಾಜು. ವೀಸಾಕ್ಕೆ ಬೇಕಾದ ಐ-20 ಪತ್ರದಲ್ಲಿ ಬೋಧನಾ ಶುಲ್ಕ, ವಸತಿ, ಊಟ, ಆರೋಗ್ಯ ವಿಮೆ ಸೇರಿದ ಒಂದು ಮೊತ್ತವಿರುತ್ತದೆ. ಅದು ಎಷ್ಟೋ ಸಲ ಒಂಬತ್ತು ತಿಂಗಳ ಶೈಕ್ಷಣಿಕ ವರ್ಷದ್ದು, ಬೇಸಿಗೆಯ ಮೂರು ತಿಂಗಳ ಬಾಡಿಗೆ ಅದರೊಳಗೆ ಬರುವುದಿಲ್ಲ. ಶುಲ್ಕವನ್ನು ಕ್ರೆಡಿಟ್ ಲೆಕ್ಕದಲ್ಲಿ ವಿಧಿಸುವ ಕಡೆ ಎರಡನೇ ವರ್ಷದ ಕ್ರೆಡಿಟ್‌ಗಳು ಕಡಿಮೆಯಿದ್ದರೆ ಆ ವರ್ಷದ ಮೊತ್ತವೂ ತಗ್ಗುತ್ತದೆ. ಹೀಗಾಗಿ ಮೊದಲ ವರ್ಷದ ಸಂಖ್ಯೆಯನ್ನು ಎರಡರಿಂದ ಗುಣಿಸಿ ಮುಗಿಸುವ ಬದಲು ಪದವಿಗೆ ಬೇಕಾದ ಒಟ್ಟು ಕ್ರೆಡಿಟ್‌ಗಳನ್ನೂ ಹನ್ನೆರಡು ತಿಂಗಳ ಜೀವನ ವೆಚ್ಚವನ್ನೂ ಬೇರೆಬೇರೆಯಾಗಿ ಕೂಡಬೇಕು. ವಿನಿಮಯ ದರಕ್ಕೂ ಇದೇ ಎಚ್ಚರ ಬೇಕು. ಸುದ್ದಿಯಲ್ಲಿ ಕಾಣುವ ದರಕ್ಕಿಂತ, ಬ್ಯಾಂಕ್ ನಮಗೆ ಡಾಲರ್ ಮಾರುವ ದರ ಹೆಚ್ಚಿರುತ್ತದೆ. ನಾವು ಕಟ್ಟುವುದು ಆ ದರದಲ್ಲಿ. ನಮ್ಮ ಉದಾಹರಣೆಯ 40,000 ಡಾಲರ್ ಮತ್ತು ₹90 ಈ ತಿದ್ದುಪಡಿಗಳೆಲ್ಲ ಆದ ಮೇಲಿನವು ಎಂದಿಟ್ಟುಕೊಳ್ಳೋಣ.

ಶುಲ್ಕ ಡಾಲರ್‌ನಲ್ಲಿ ಎಷ್ಟು ವೇಗವಾಗಿ ಏರುತ್ತದೆ? ಅಮೆರಿಕದ ಕಾಲೇಜ್ ಬೋರ್ಡ್‌ನ ವಾರ್ಷಿಕ ವರದಿಗಳ ಪ್ರಕಾರ, ಸಾರ್ವಜನಿಕ ವಿಶ್ವವಿದ್ಯಾಲಯಗಳು ಹೊರರಾಜ್ಯದ ಪದವಿ ವಿದ್ಯಾರ್ಥಿಗಳಿಗೆ ವಿಧಿಸುವ ಸರಾಸರಿ ಶುಲ್ಕ 2014-15ರಲ್ಲಿ 22,958 ಡಾಲರ್ ಇತ್ತು, 2024-25ರಲ್ಲಿ 30,780 ಡಾಲರ್ ಆಗಿತ್ತು. ವರ್ಷಕ್ಕೆ ಸುಮಾರು ಶೇ. 3ರ ಏರಿಕೆ. ಇದು ಎಂ.ಎಸ್. ಶುಲ್ಕದ ಅಂಕಿಯಲ್ಲ, ಆದರೂ ಏರಿಕೆಯ ಜಾಡು ಹಿಡಿಯಲು ಸಾಕು. ಇಲ್ಲಿ ತಪ್ಪಿಸಲೇಬೇಕಾದ ದೋಷವೊಂದಿದೆ. ಭಾರತದಲ್ಲಿ ಶಿಕ್ಷಣದ ಖರ್ಚು ವರ್ಷಕ್ಕೆ ಶೇ. 10 ಏರುತ್ತದೆ ಎಂಬ ಮಾತನ್ನು ಡಾಲರ್ ಶುಲ್ಕಕ್ಕೆ ಹಚ್ಚಿ, ಅದರ ಮೇಲೆ ರೂಪಾಯಿ ಇಳಿಕೆಯನ್ನೂ ಸೇರಿಸುವವರಿದ್ದಾರೆ. ಭಾರತದ ಹಣದುಬ್ಬರ ಅಮೆರಿಕಕ್ಕಿಂತ ಹೆಚ್ಚಿರುವುದೇ ರೂಪಾಯಿ ಇಳಿಯಲು ಒಂದು ಮುಖ್ಯ ಕಾರಣ. ಆದ್ದರಿಂದ ಹಾಗೆ ಮಾಡಿದರೆ ಒಂದೇ ಹೊರೆಯನ್ನು ಎರಡು ಸಲ ಎಣಿಸಿದಂತೆ. ಶೇ. 10 ಮತ್ತು ಶೇ. 3 ಸೇರಿಸಿದರೆ ಹನ್ನೆರಡು ವರ್ಷದಲ್ಲಿ ಖರ್ಚು ನಾಲ್ಕೂವರೆ ಪಟ್ಟಾಗುತ್ತದೆ. ಶೇ. 3 ಮತ್ತು ಶೇ. 3 ಸೇರಿಸಿದರೆ ಎರಡು ಪಟ್ಟು. ನಾಲ್ಕೂವರೆ ಪಟ್ಟಿನ ಅಂದಾಜು ನೋಡಿ ಉಳಿತಾಯದ ಯೋಚನೆಯನ್ನೇ ಕೈಬಿಡುವ ತಂದೆ-ತಾಯಂದಿರ ಬಗ್ಗೆ ನನಗೆ ಹೆಚ್ಚಿನ ಚಿಂತೆ.

ರೂಪಾಯಿ ಇಳಿಕೆಯ ದರವನ್ನು ಇತಿಹಾಸದಿಂದ ಪಡೆಯುವುದು ಸುಲಭ ಎಂದು ತೋರುತ್ತದೆ. ಆದರೆ ಯಾವ ವರ್ಷದಿಂದ ಅಳೆಯಲು ತೊಡಗುತ್ತೇವೆ ಎಂಬುದರ ಮೇಲೆ ಉತ್ತರ ಪೂರ್ತಿ ಬದಲಾಗುತ್ತದೆ. ವಾರ್ಷಿಕ ಸರಾಸರಿ ನೋಡಿದರೆ ಡಾಲರ್ ಬೆಲೆ 1992ರಲ್ಲಿ ಸುಮಾರು ₹26, 2002ರಲ್ಲಿ ₹48.6, 2012ರಲ್ಲಿ ₹53.4, 2022ರಲ್ಲಿ ₹78.6. ಮೊದಲ ದಶಕದಲ್ಲಿ ಡಾಲರ್ ವರ್ಷಕ್ಕೆ ಶೇ. 6.5ರಷ್ಟು ಏರಿದೆ, ಎರಡನೆಯದರಲ್ಲಿ ಶೇ. 1ರಷ್ಟು, ಮೂರನೆಯದರಲ್ಲಿ ಶೇ. 4ರ ಹತ್ತಿರ. ಅದೇ 2007ರ ₹41.3ರಿಂದ 2017ರ ₹65.1ರವರೆಗೆ ಅಳೆದರೆ ಶೇ. 4.7 ಬರುತ್ತದೆ. 2007 ರೂಪಾಯಿ ಬಲಗೊಂಡಿದ್ದ ಕಾಲ, ಆರಂಭ ಬಿಂದುವೇ ಕೆಳಗಿತ್ತು. ಹತ್ತು ವರ್ಷದ ಯಾವುದೇ ಒಂದು ಅವಧಿಯನ್ನು ಆರಿಸಿ ಅದನ್ನೇ ಮುಂದಿನ ಹನ್ನೆರಡು ವರ್ಷಕ್ಕೆ ಚಾಚುವುದು ಆಕಸ್ಮಿಕವೊಂದನ್ನು ನಿಯಮವೆಂದು ತಿಳಿದಂತೆ.

ಇದಕ್ಕಿಂತ ಗಟ್ಟಿಯಾದ ಆಧಾರ ಹಣದುಬ್ಬರದ ಅಂತರ. 2016ರಿಂದ ರಿಸರ್ವ್ ಬ್ಯಾಂಕಿಗೆ ಶೇ. 4ರ ಹಣದುಬ್ಬರ ಗುರಿ ಇದೆ, ಅಮೆರಿಕದ ಫೆಡರಲ್ ರಿಸರ್ವ್‌ನ ಗುರಿ ಶೇ. 2. ಎರಡೂ ಗುರಿ ಮುಟ್ಟಿದರೆ ದೀರ್ಘಕಾಲದಲ್ಲಿ ಶೇ. 2ರ ಇಳಿಕೆ ಸಹಜ. ಭಾರತ ಗುರಿಯನ್ನು ಆಗಾಗ ಮೀರಿರುವುದರಿಂದ ಶೇ. 3 ಇಟ್ಟುಕೊಂಡು, ಶೇ. 5ಕ್ಕೆ ಹಾಕಿ ಪರೀಕ್ಷಿಸುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮ.

ಇನ್ನು ಲೆಕ್ಕ. ಡಾಲರ್‌ನಲ್ಲಿ ಶೇ. 3, ವಿನಿಮಯದಲ್ಲಿ ಶೇ. 3. ಇವನ್ನು ಗುಣಿಸಬೇಕು: 1.03 × 1.03 = 1.0609. ಅಂದರೆ ರೂಪಾಯಿಯಲ್ಲಿ ಖರ್ಚು ವರ್ಷಕ್ಕೆ ಶೇ. 6.09 ಏರುತ್ತದೆ. ಹನ್ನೆರಡು ವರ್ಷದ ನಂತರ ಮೊದಲ ವರ್ಷದ ಖರ್ಚು ಸುಮಾರು ₹73.2 ಲಕ್ಷ, ಮರುವರ್ಷದ್ದು ₹77.6 ಲಕ್ಷ. ಉಳಿತಾಯದ ಮೇಲೆ ತೆರಿಗೆ ಕಳೆದು ಶೇ. 7 ಬರುತ್ತದೆ ಎಂದುಕೊಳ್ಳೋಣ. ಎರಡನೇ ವರ್ಷದ ಹಣ ಇನ್ನೂ ಒಂದು ವರ್ಷ ಬೆಳೆಯುವುದರಿಂದ, ಮಗಳು ಹೊರಡುವ ಹೊತ್ತಿಗೆ ಕೈಯಲ್ಲಿರಬೇಕಾದದ್ದು ₹145.7 ಲಕ್ಷ. ತಿಂಗಳಿಗೆ ಒಂದು ರೂಪಾಯಿಯಂತೆ ಹನ್ನೆರಡು ವರ್ಷ ಕಟ್ಟಿದರೆ ಈ ದರದಲ್ಲಿ ₹221.5 ಆಗುತ್ತದೆ. ಆದ್ದರಿಂದ ಕಂತು ತಿಂಗಳಿಗೆ ಸುಮಾರು ₹65,800. ಇಂದಿನ ಖರ್ಚನ್ನೇ ಗುರಿಯಾಗಿ ಇಟ್ಟುಕೊಂಡಿದ್ದರೆ ಇದೇ ಕುಟುಂಬಕ್ಕೆ ₹31,400 ಎಂಬ ಉತ್ತರ ಸಿಗುತ್ತಿತ್ತು. ಅರ್ಧಕ್ಕೂ ಕಡಿಮೆ.

₹65,800 ಅನೇಕ ಮನೆಗಳಿಗೆ ಎಟುಕದ ಮೊತ್ತ ಎಂಬುದನ್ನು ಮುಚ್ಚಿಡಬಾರದು. ಸಂಬಳ ಏರುವ ಮನೆಯಲ್ಲಿ ಕಂತನ್ನೂ ಪ್ರತಿ ವರ್ಷ ಶೇ. 7ರಂತೆ ಏರಿಸಬಹುದು. ಹಾಗೆ ಮಾಡಿದರೆ ಮೊದಲ ವರ್ಷ ₹46,600 ಸಾಕು. ಅರ್ಧ ಖರ್ಚಿಗೆ ಮಾತ್ರ ಉಳಿಸಿ ಮಿಕ್ಕದ್ದಕ್ಕೆ ಶಿಕ್ಷಣ ಸಾಲ ಪಡೆಯುವುದಾದರೆ ₹23,300. ರೂಪಾಯಿ ಇಳಿಕೆಯ ದರವನ್ನು ಶೇ. 3ರಿಂದ 4ಕ್ಕೆ ಏರಿಸಿದರೆ ಪೂರ್ಣ ಖರ್ಚಿನ ಆರಂಭದ ಕಂತು ₹52,600 ಆಗುತ್ತದೆ, ಶೇ. 5ಕ್ಕೆ ಏರಿಸಿದರೆ ₹59,300. ಶೇ. 1ರ ವ್ಯತ್ಯಾಸ ಕಂತಿನಲ್ಲಿ ಸುಮಾರು ಶೇ. 13ರ ವ್ಯತ್ಯಾಸ ತರುತ್ತದೆ. ಆದ್ದರಿಂದ ಯಾರಾದರೂ ರೂಪಾಯಿ ಪೈಸೆಯವರೆಗೆ ನಿಖರವಾದ ಕಂತನ್ನು ಬರೆದುಕೊಟ್ಟರೆ ಆ ನಿಖರತೆಯನ್ನು ನಂಬಬಾರದು. ಯಾವ ಇಳಿಕೆ ದರ ಹಿಡಿದರು ಎಂದು ಕೇಳಬೇಕು.

ಈ ಅನಿಶ್ಚಿತತೆ ಕಂಡಷ್ಟು ಭಯಂಕರವಲ್ಲ, ಏಕೆಂದರೆ ಲೆಕ್ಕವನ್ನು ಪ್ರತಿ ವರ್ಷ ಹೊಸ ಶುಲ್ಕ ಮತ್ತು ಹೊಸ ದರದಿಂದ ಮತ್ತೆ ಮಾಡಬಹುದು. ಮೂರನೇ ವರ್ಷದ ಕೊನೆಗೆ ಡಾಲರ್ ₹98.35 ಇರಬೇಕು ಎಂಬುದು ನಮ್ಮ ಅಂದಾಜು. ಅದು ₹105 ತಲುಪಿದೆ, ಕೆಳಗಿಳಿಯುವ ಲಕ್ಷಣವಿಲ್ಲ ಎಂದುಕೊಳ್ಳಿ. ಗುರಿ ಸುಮಾರು ₹9.9 ಲಕ್ಷದಷ್ಟು ಮೇಲೇರುತ್ತದೆ. ಇನ್ನು ಒಂಬತ್ತು ವರ್ಷ ಇರುವುದರಿಂದ, ಕಂತಿಗೆ ತಿಂಗಳಿಗೆ ₹6,650 ಸೇರಿಸಿದರೆ ಕೊರತೆ ತುಂಬುತ್ತದೆ. ಈಗ ಅದೇ ಪ್ರಮಾಣದ ಕುಸಿತ ಹೊರಡುವ ಒಂದು ವರ್ಷ ಮೊದಲು ಆಯಿತೆನ್ನಿ: ಡಾಲರ್ ₹124.6 ಇರಬೇಕಾದಲ್ಲಿ ₹133. ಕೊರತೆ ಅದೇ ₹9.9 ಲಕ್ಷ. ಆದರೆ ತುಂಬಲು ಹನ್ನೆರಡೇ ತಿಂಗಳಿರುವುದರಿಂದ ತಿಂಗಳಿಗೆ ₹79,600 ಹೆಚ್ಚುವರಿ ಬೇಕು. ₹65,800ರ ಕಂತು ದುಪ್ಪಟ್ಟಿಗಿಂತ ಹೆಚ್ಚಾಗುತ್ತದೆ.

ಇಂಥ ಕುಸಿತ ಕಲ್ಪನೆಯಲ್ಲ. 2013ರ ಮೇ ಆರಂಭದಲ್ಲಿ ಡಾಲರ್ ₹54ರ ಆಸುಪಾಸಿನಲ್ಲಿತ್ತು. ಫೆಡರಲ್ ರಿಸರ್ವ್ ಬಾಂಡ್ ಖರೀದಿಯನ್ನು ತಗ್ಗಿಸುವ ಸೂಚನೆ ಕೊಟ್ಟ ಮೇಲೆ ಬಂಡವಾಳ ಹೊರಹರಿದು, ಆಗಸ್ಟ್ 28ರಂದು ಡಾಲರ್ ₹68.8 ಮುಟ್ಟಿತು. ಆಗಸ್ಟ್ ಎಂದರೆ ಅಮೆರಿಕದ ಮೊದಲ ಸೆಮಿಸ್ಟರ್‌ನ ಶುಲ್ಕ ಕಟ್ಟುವ ತಿಂಗಳು. ನಾಲ್ಕು ತಿಂಗಳಲ್ಲಿ ಅದೇ ಡಾಲರ್ ಶುಲ್ಕ ರೂಪಾಯಿಯಲ್ಲಿ ಕಾಲು ಭಾಗಕ್ಕೂ ಹೆಚ್ಚು ದುಬಾರಿಯಾಯಿತು. ಮುಂದಿನ ತಿಂಗಳುಗಳಲ್ಲಿ ರೂಪಾಯಿ ಸ್ವಲ್ಪ ಚೇತರಿಸಿಕೊಂಡಿತಾದರೂ ಶುಲ್ಕ ಕಟ್ಟಿದವರಿಗೆ ಅದರ ಲಾಭ ಸಿಗಲಿಲ್ಲ. ದೀರ್ಘಾವಧಿಯ ಸರಾಸರಿ ಎಷ್ಟೇ ಸರಿಯಿದ್ದರೂ ಕಟ್ಟುವ ದಿನದ ದರವನ್ನು ಅದು ಹೇಳುವುದಿಲ್ಲ.

ಹಾಗಾಗಿ ಕೊನೆಯ ಮೂರು ವರ್ಷದಲ್ಲಿ ಕೂಡಿಟ್ಟ ಹಣವನ್ನು ಕಂತುಕಂತಾಗಿ ಡಾಲರ್ ಆಸ್ತಿಗೆ ಬದಲಿಸಬೇಕು. ಕುಸಿತ ಬರುವ ಹೊತ್ತಿಗೆ ಅರ್ಧ ಹಣ ಡಾಲರ್‌ನಲ್ಲಿದ್ದರೆ ಕೊರತೆಯೂ ಅರ್ಧವೇ: ತಿಂಗಳಿಗೆ ₹79,600ರ ಬದಲು ₹39,800. ಡಾಲರ್ ಆಸ್ತಿಯಿಂದ ಹೆಚ್ಚಿನ ಲಾಭ ಬರಬೇಕು ಎಂಬ ನಿರೀಕ್ಷೆ ಇಲ್ಲಿ ಅನಗತ್ಯ, ಶುಲ್ಕ ಏರಿದ ದಿಕ್ಕಿನಲ್ಲಿಯೇ ಅದೂ ಏರಿದರೆ ಸಾಕು. ಈ ಭದ್ರತೆಗೆ ಬೆಲೆಯೂ ಇದೆ. ರೂಪಾಯಿ ಬಲಗೊಂಡರೆ ಆ ಲಾಭ ಬದಲಿಸಿದ ಹಣಕ್ಕೆ ದಕ್ಕುವುದಿಲ್ಲ.

ಕಾನೂನಿನ ದಾರಿ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್. ಅದರಡಿ ಒಬ್ಬ ನಿವಾಸಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆದರೆ ಕಳಿಸಿದ ಡಾಲರನ್ನು ವಿದೇಶಿ ಬ್ಯಾಂಕ್ ಖಾತೆಯಲ್ಲಿ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. 2022ರ ನಿಯಮದ ಪ್ರಕಾರ ಹೂಡಿಕೆಗೆ ಅಥವಾ ಖರ್ಚಿಗೆ ಬಳಸದ ಹಣವನ್ನು 180 ದಿನದೊಳಗೆ ಹಿಂದಕ್ಕೆ ತರಬೇಕು. ಅಲ್ಪಾವಧಿಯ ಅಮೆರಿಕ ಸರ್ಕಾರಿ ಹುಂಡಿಗಳಂಥ ಹೂಡಿಕೆ ಆಗ ಅನಿವಾರ್ಯ. ಅಂಥ ವಿದೇಶಿ ಆಸ್ತಿಯನ್ನು ಆದಾಯ ತೆರಿಗೆ ರಿಟರ್ನ್‌ನ ಎಫ್‌ಎ ಅನುಸೂಚಿಯಲ್ಲಿ ತೋರಿಸಲೇಬೇಕು.

ಶುಲ್ಕ ಕಟ್ಟುವ ವರ್ಷ ಇನ್ನೊಂದು ಮೊತ್ತ ಕೈಯಲ್ಲಿರಬೇಕು. 2025-26ರ ನಿಯಮದಂತೆ ಸ್ವಂತ ಹಣದಿಂದ ಶಿಕ್ಷಣಕ್ಕೆ ಕಳಿಸುವ ಮೊತ್ತ ₹10 ಲಕ್ಷ ದಾಟಿದರೆ, ದಾಟಿದ ಭಾಗದ ಮೇಲೆ ಬ್ಯಾಂಕ್ ಶೇ. 5ರ ಟಿಸಿಎಸ್ ಹಿಡಿಯುತ್ತಿತ್ತು. ಅಧಿಕೃತ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಹೋಗುವ ಹಣಕ್ಕೆ ಅದು ಇಲ್ಲ. ನಮ್ಮ ಉದಾಹರಣೆಯ ₹73.2 ಲಕ್ಷವನ್ನು ಶುಲ್ಕ ಕಟ್ಟುವ ವರ್ಷದಲ್ಲಿಯೇ ಕಳಿಸಿದರೆ ಆ ದರದಲ್ಲಿ ಇದು ಸುಮಾರು ₹3.16 ಲಕ್ಷ. ತೆರಿಗೆಯಲ್ಲಿ ಹೊಂದಿಕೆಯಾಗುವ ಅಥವಾ ಮರುಪಾವತಿಯಾಗುವ ಹಣವಾದ್ದರಿಂದ ಇದನ್ನು ಗುರಿಗೆ ಸೇರಿಸಿ ಹನ್ನೆರಡು ವರ್ಷ ಉಳಿಸಬೇಕಿಲ್ಲ. ರಿಟರ್ನ್ ಸಲ್ಲಿಸಿ ಹಣ ಕೈಸೇರುವವರೆಗಿನ ತಿಂಗಳುಗಳಿಗೆ ಮಾತ್ರ ಅದನ್ನು ಬೇರೆಯಾಗಿ, ರೂಪಾಯಿಯಲ್ಲಿಯೇ, ಇಟ್ಟುಕೊಂಡಿರಬೇಕು.